ಮಳೆಗಾಲದಲ್ಲಿ ಪಾರ್ಲರ್ ಖಾಲಿ. ಆಫರ್ ಬೋರ್ಡ್ ಹಾಕದೆ ನಡೆಸಲು ಆಗುತ್ತದಾ?

ಬಾಚಣಿಗೆ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಪಾರ್ಲರ್ ಉಂಟು. ಎರಡು ಕುರ್ಚಿ, ಒಂದು ಫೇಶಿಯಲ್ ಬೆಡ್, ಕೆಲಸಕ್ಕೆ ಜೊತೆಗೆ ಒಬ್ಬಳು ಹುಡುಗಿ. ಏಪ್ರಿಲ್, ಮೇಯಲ್ಲಿ ಮದುವೆ, ಒಕ್ಕಲು ಅಂತ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಜೂನ್ ಬಂತು ಅಂದರೆ ಮಳೆಯೂ ಶುರು, ಶಾಲೆಯೂ ಶುರು. ಫೀಸು, ಪುಸ್ತಕ, ಯೂನಿಫಾರ್ಮ್ ಅಂತ ಎಲ್ಲರ ಕೈಯೂ ಬಿಗಿ. ಆಟಿಯಲ್ಲಿ ಮದುವೆಯೂ ಇಲ್ಲ. ಬೆಳಗ್ಗೆ ಶಟರ್ ಎತ್ತಿದರೆ ಮಧ್ಯಾಹ್ನದವರೆಗೆ ಒಂದೆರಡು ಐಬ್ರೋ ಬಂದರೆ ಹೆಚ್ಚು.

ಈ ವರ್ಷ ನಮ್ಮ ರಸ್ತೆಯಲ್ಲೇ ಹೊಸ ಪಾರ್ಲರ್ ಒಂದು ಆಗಿದೆ. ಬಾಗಿಲಿಗೆ ದೊಡ್ಡ ಫ್ಲೆಕ್ಸ್: ಎಲ್ಲದಕ್ಕೂ 40% ಕಡಿಮೆ. ನನ್ನ ಹಳೇ ಗಿರಾಕಿಗಳು ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುತ್ತಾರೆ, "ನಿಮ್ಮಲ್ಲಿ ಆಫರ್ ಎಂತದೂ ಇಲ್ವಾ?" ನಾನೂ 30% ಹಾಕಬೇಕಾ? ಹಾಕಿದರೆ ಓಣಂ ಹೊತ್ತಿಗೆ ಹಳೇ ರೇಟಿಗೆ ವಾಪಸ್ ಬರುವುದು ಹೇಗೆ? ಅನುಭವ ಇದ್ದವರು ಹೇಳಿ.

ತಂಪುಮನೆ

ನಮ್ಮದೂ ಇದೇ ಕಥೆ. ಮಳೆಗಾಲದಲ್ಲಿ ಗಡ್‌ಬಡ್ ಯಾರೂ ಕೇಳುವುದಿಲ್ಲ. ನಾವು ಎಂತ ಮಾಡಿದೆವು ಅಂದರೆ, ಒಂದು ಕಡೆ ಸ್ಟವ್ ಇಟ್ಟು ಬಿಸಿ ಬಿಸಿ ಗೋಳಿಬಜೆ, ಶುಂಠಿ ಚಹಾ ಶುರು ಮಾಡಿದೆವು. ಫ್ಯಾಮಿಲಿ ಪ್ಯಾಕಿಗೆ ಮಾತ್ರ ಸ್ವಲ್ಪ ಕಡಿಮೆ. ನೀವೂ ಮಾಡಿ ನೋಡಿ.

ಉಪ್ಪಳದ ಮೆಹಂದಿ

ಅಣ್ಣ, ಇದು ಬ್ಯೂಟಿ ಪಾರ್ಲರ್ 😂 ಫೇಶಿಯಲ್ ಬೆಡ್ ಪಕ್ಕ ಗೋಳಿಬಜೆ ಕರಿಯುವುದು ಹೇಗೆ?

ತಂಪುಮನೆ

ಅಯ್ಯೋ, ಹೆಡ್ಡಿಂಗ್ ಮಾತ್ರ ಓದಿದ್ದು ಮಾರಾಯ್ರೆ. ನೀವು ಮಾತಾಡಿ.

ಉಪ್ಪಳದ ಮೆಹಂದಿ

ಬಾಚಣಿಗೆ ಅವರೇ, ನಾನು ಆಫರ್ ಬೋರ್ಡ್ ಹಾಕುವುದಿಲ್ಲ. ಜೂನ್‌ನಲ್ಲೇ ಪ್ಯಾಕೇಜ್ ಮಾರುತ್ತೇನೆ. ನಾಲ್ಕು ಫೇಶಿಯಲಿನ ದುಡ್ಡು ಮೊದಲೇ ಕೊಟ್ಟರೆ ಆರು ಫೇಶಿಯಲ್. ದುಡ್ಡು ಕೈಗೆ ಬಂದುಬಿಡುತ್ತದೆ, ಎರಡು ತಿಂಗಳ ಬಾಡಿಗೆಯ ಚಿಂತೆ ಇಲ್ಲ. ಗಿರಾಕಿ ಬೇರೆ ಕಡೆ ಹೋಗುವುದೂ ಇಲ್ಲ. ಡಿಸ್ಕೌಂಟ್ ಅಂತ ಹೆಸರೂ ಬರುವುದಿಲ್ಲ. ಇದಕ್ಕಿಂತ ಸುಲಭ ದಾರಿ ಇಲ್ಲ ನೋಡಿ.

ಕುಂಬಳೆ ಅಕ್ಕ

ಮೊದಲು ಲೆಕ್ಕ ಹಾಕಿ ನೋಡುವ, ಮತ್ತೆ ಮಾತು.

ಒಂದು ಫ್ರೂಟ್ ಫೇಶಿಯಲಿಗೆ ನೀವು 700 ತೆಗೆದುಕೊಳ್ಳುತ್ತೀರಿ ಅಂತ ಇಟ್ಟುಕೊಳ್ಳಿ. ಕ್ರೀಮು, ಪ್ಯಾಕು, ಹತ್ತಿ, ಟಿಶ್ಯೂ ಎಲ್ಲ ಸೇರಿ ಸಾಮಾನಿಗೆ 150 ಹೋಗುತ್ತದೆ. ಉಳಿಯುವುದು 550. ವಾರಕ್ಕೆ 10 ಜನ ಬಂದರೆ 5500. ಬಾಡಿಗೆ, ಹುಡುಗಿಯ ಸಂಬಳ, ಕರೆಂಟು ಎಲ್ಲ ಇದರಿಂದಲೇ ಹೋಗಬೇಕು.

ಈಗ 30% ಕಡಿಮೆ ಮಾಡಿದಿರಿ. ಗಿರಾಕಿ ಕೊಡುವುದು 490. ಸಾಮಾನಿನ ಅಂಗಡಿಯವರು ನಮಗೆ ಕಡಿಮೆ ಮಾಡುವುದಿಲ್ಲ ಅಲ್ವಾ, ಅದು 150ರಲ್ಲೇ ನಿಂತಿರುತ್ತದೆ. ಉಳಿಯುವುದು 340. ಅದೇ 5500 ಆಗಬೇಕಾದರೆ 17 ಜನ ಬರಬೇಕು. 40% ಕಡಿಮೆ ಮಾಡಿದರೆ ಉಳಿಯುವುದು 270, ಆಗ 21 ಜನ ಬೇಕು. ಹತ್ತು ಜನ ಬರುವುದೇ ಕಷ್ಟ ಅನ್ನುವ ಆಟಿ ಮಳೆಯಲ್ಲಿ ಇಪ್ಪತ್ತೊಂದು ಜನ ಎಲ್ಲಿಂದ ಬರುತ್ತಾರೆ? ಜನ ಬರದೇ ಇರುವುದು ರೇಟಿನಿಂದ ಅಲ್ಲ. ಮಳೆಗೆ, ಮತ್ತೆ ಮನೆಯಲ್ಲಿ ಕಾರ್ಯಕ್ರಮ ಇಲ್ಲದ್ದಕ್ಕೆ. ರೇಟ್ ಇಳಿಸಿದರೆ ಮಳೆ ನಿಲ್ಲುವುದಿಲ್ಲ. ಹೇಗೂ ಬರುತ್ತಿದ್ದ ಆರೇಳು ಜನ ಕಡಿಮೆ ದುಡ್ಡು ಕೊಟ್ಟು ಹೋಗುತ್ತಾರೆ, ಅಷ್ಟೇ.

ಉಪ್ಪಳದವರೇ, ನಾಲ್ಕರ ದುಡ್ಡಿಗೆ ಆರು ಅಂದರೂ 33% ಡಿಸ್ಕೌಂಟೇ. ಹೆಸರು ಮಾತ್ರ ಬೇರೆ. ಕೈಗೆ ದುಡ್ಡು ಬರುವುದು ಹೌದು, ಜೂನ್‌ನಲ್ಲಿ ಅದು ದೊಡ್ಡ ಉಪಕಾರ, ಅದನ್ನು ನಾನು ಒಪ್ಪುತ್ತೇನೆ. ಆದರೆ ಅದು ಗಿರಾಕಿಯಿಂದ ತಂದ ಸಾಲ. ಉಳಿದ ಫೇಶಿಯಲ್ ಮಾಡಿಸಲು ಅವರು ಯಾವಾಗ ಬರುತ್ತಾರೆ ಹೇಳಿ?

ಉಪ್ಪಳದ ಮೆಹಂದಿ

ಓಣಂ ವಾರದಲ್ಲಿ 🙈 ಕಳೆದ ಸಲ ಹಾಗೇ ಆಯಿತು. ಪೂರ್ತಿ ದುಡ್ಡು ಕೊಡುವವರು ಹೊರಗೆ ಕಾಯುತ್ತಿದ್ದರು, ಒಳಗೆ ಬೆಡ್ ಮೇಲೆ ಪ್ಯಾಕೇಜಿನವರು.

ಕುಂಬಳೆ ಅಕ್ಕ

ಅದೇ ನಾನು ಹೇಳುವುದು. ಪ್ಯಾಕೇಜ್ ಮಾರುವುದಾದರೆ ಕಾರ್ಡಿನಲ್ಲಿ ಎರಡು ಮಾತು ಬರೆದುಬಿಡಿ. ತಿಂಗಳಿಗೆ ಒಂದು ಮಾಡಿಸಲೇಬೇಕು, ಓಣಂಗೆ ಮೊದಲಿನ ಹತ್ತು ದಿನ ಕಾರ್ಡ್ ನಡೆಯುವುದಿಲ್ಲ. ದುಡ್ಡು ಬಂದ ದಿನವೇ ಆರು ಫೇಶಿಯಲಿನ ಸಾಮಾನಿನ ದುಡ್ಡು, ಅಂದರೆ 900, ಬೇರೆ ಕವರಿಗೆ ಹಾಕಿಡಿ. ಇಲ್ಲದಿದ್ದರೆ ಆಗಸ್ಟ್‌ನಲ್ಲಿ ಕ್ರೀಮ್ ತರಲು ಕೈಯಿಂದ ಹಾಕಬೇಕಾಗುತ್ತದೆ. ಆರರ ಬದಲು ಐದು ಕೊಟ್ಟರೂ ಸಾಕು.

ಬಾಚಣಿಗೆ, ಬದಿಯಡ್ಕ

ಲೆಕ್ಕ ನೋಡಿ ಹೆದರಿಕೆ ಆಯಿತು. ಆದರೆ ಅಕ್ಕ, ಸುಮ್ನೆ ಕೂತರೆ ಆ ಹತ್ತು ಜನವೂ ಎದುರಿನ ಪಾರ್ಲರಿಗೆ ಹೋಗುತ್ತಾರಲ್ಲ. ಎಂತಾದರೂ ಕೊಡಬೇಕಲ್ವಾ?

ಕುಂಬಳೆ ಅಕ್ಕ

ಕೊಡಿ. ಆದರೆ ನಿಮ್ಮ ಹತ್ತಿರ ಈಗ ಎಂತ ಜಾಸ್ತಿ ಉಂಟೋ ಅದನ್ನು ಕೊಡಿ. ದುಡ್ಡು ಜಾಸ್ತಿ ಇಲ್ಲ, ಸಮಯ ಜಾಸ್ತಿ ಉಂಟು. ಮೇಯಲ್ಲಿ ಕಾಲು ಗಂಟೆಗೆ ಬೆಲೆ ಉಂಟು, ಜುಲೈಯಲ್ಲಿ ಅದೇ ಕಾಲು ಗಂಟೆ ಹೇಗೂ ಖಾಲಿ ಹೋಗುತ್ತದೆ.

ನಾನು ಮಾಡುವುದು ಹೀಗೆ. ಸೋಮವಾರದಿಂದ ಗುರುವಾರ, ಬೆಳಗ್ಗೆ ಹತ್ತರಿಂದ ಒಂದು ಗಂಟೆಯೊಳಗೆ ಫೇಶಿಯಲಿಗೆ ಬಂದರೆ ಕುತ್ತಿಗೆ, ಭುಜ, ತಲೆಗೆ ಕಾಲು ಗಂಟೆ ಎಣ್ಣೆ ಮಸಾಜ್. ಎಣ್ಣೆ ಸ್ವಲ್ಪ ಬಿಸಿ ಮಾಡಿ ಹಚ್ಚುತ್ತೇವೆ. ಮಳೆಯಲ್ಲಿ ಬಂದವರಿಗೆ ಆ ಬಿಸಿಯೇ ಹಿತ, ಅರ್ಧ ಜನ ಅಲ್ಲೇ ನಿದ್ದೆ ಹೋಗುತ್ತಾರೆ. ಎಣ್ಣೆಗೆ 15 ರೂಪಾಯಿ. ಫೇಶಿಯಲ್ 700ರಲ್ಲಿ ಒಂದು ಪೈಸೆ ಕಡಿಮೆ ಇಲ್ಲ. ಉಳಿಯುವುದು 535. ಅದೇ 5500ಕ್ಕೆ 11 ಜನ ಸಾಕು. ಹದಿನೇಳು ಎಲ್ಲಿ, ಹನ್ನೊಂದು ಎಲ್ಲಿ.

ಎರಡು ವಿಷಯದಲ್ಲಿ ಜಾಗ್ರತೆ ಬೇಕು. ಇದು ಯಾವ ದಿನದವರೆಗೆ ಅಂತ ಮೊದಲೇ ಬರೆಯಿರಿ. ನಾನು ಆಟಿ ಮುಗಿಯುವವರೆಗೆ ಅಂತ ಬರೆಯುತ್ತೇನೆ. ಸೋಣ ಸಂಕ್ರಮಣದ ಮರುದಿನದಿಂದ ಇಲ್ಲ, ಯಾರು ಕೇಳಿದರೂ ಇಲ್ಲ. ಇನ್ನೊಂದು, ಶನಿವಾರ, ಭಾನುವಾರ ಕೊಡಬೇಡಿ. ಮಳೆಗಾಲದಲ್ಲೂ ಆ ಎರಡು ದಿನ ಜನ ಇರುತ್ತಾರೆ. ಇರುವ ಜನಕ್ಕೆ ಕೊಟ್ಟರೆ ನಿಮ್ಮ ಕುರ್ಚಿ ತಡವಾಗುತ್ತದೆ, ಅಷ್ಟೇ ಲಾಭ.

ಸೀತಾಂಗೋಳಿ ಟೀಚರ್

ನಾನು ಪಾರ್ಲರ್ ನಡೆಸುವವಳಲ್ಲ, ಹೋಗುವವಳು. ನಡುವೆ ಬಾಯಿ ಹಾಕುತ್ತೇನೆ, ಬೇಜಾರು ಮಾಡಬೇಡಿ.

40% ಬೋರ್ಡ್ ನೋಡಿದರೆ ನಮಗೆ ಅನಿಸುವುದೇ ಬೇರೆ. ಇಷ್ಟು ಕಡಿಮೆ ಮಾಡಲು ಆಗುವುದಾದರೆ ಉಳಿದ ದಿನ ನನ್ನ ಹತ್ತಿರ ಜಾಸ್ತಿ ತೆಗೆದುಕೊಂಡದ್ದಾ ಅಂತ. ಇಲ್ಲದಿದ್ದರೆ ಕ್ರೀಮ್ ಡೇಟ್ ಮುಗಿಯಲಿಕ್ಕೆ ಆಯಿತಾ ಅಂತ.

ನಾನು ಮಳೆಗಾಲದಲ್ಲಿ ಒಂದು ಪಾರ್ಲರ್ ಬಿಟ್ಟದ್ದು ರೇಟಿಗಲ್ಲ, ಟವೆಲಿಗೆ. ಫೇಶಿಯಲ್ ಮಾಡಿಸಲು ಮಲಗಿದ್ದೆ. ತಲೆಗೆ ಸುತ್ತಿದ ಟವೆಲಿನಿಂದ ಒಣಗದ ಬಟ್ಟೆಯ ಕಮಟು ವಾಸನೆ. ಮುಕ್ಕಾಲು ಗಂಟೆ ಮೂಗಿನ ಹತ್ತಿರ ಅದೇ. ಏನೂ ಹೇಳದೆ ದುಡ್ಡು ಕೊಟ್ಟು ಬಂದೆ, ಮತ್ತೆ ಹೋಗಲಿಲ್ಲ. ಅವರಿಗೆ ಕಾರಣ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಕುಂಬಳೆ ಅಕ್ಕ

ಟೀಚರೇ, ಇದನ್ನು ಎಲ್ಲ ಪಾರ್ಲರಿನವರೂ ಓದಬೇಕು. ವಾಸನೆ ನಮಗೆ ಗೊತ್ತಾಗುವುದಿಲ್ಲ, ಇಡೀ ದಿನ ಅಲ್ಲೇ ಇರುತ್ತೇವಲ್ಲ, ಮೂಗಿಗೆ ಅಭ್ಯಾಸ ಆಗಿರುತ್ತದೆ. ಹೊರಗಿನಿಂದ ಬಂದ ಯಾರ ಕೈಗಾದರೂ ಮಡಚಿದ ಟವೆಲ್ ಕೊಟ್ಟು ಕೇಳಬೇಕು.

ಮಳೆಗಾಲಕ್ಕೆ ಟವೆಲ್ ದುಪ್ಪಟ್ಟು ಬೇಕು, ಒಂದು ದಿನದಲ್ಲಿ ಒಣಗುವುದಿಲ್ಲ. ದಪ್ಪ ಟವೆಲ್ ಒಳಗೆ ಇಟ್ಟು ತೆಳ್ಳಗಿನದು ತೆಗೆಯಿರಿ. ಕುದಿಯುವ ನೀರಲ್ಲಿ ಹಾಕಿ ಒಗೆದು, ಫ್ಯಾನ್ ಕೆಳಗೆ ದೂರ ದೂರ ಹರಡಿ, ಕೊನೆಗೆ ಇಸ್ತ್ರಿ ಹಾಕಿದ ಮೇಲೆಯೇ ಮಡಚುವುದು. ಸ್ವಲ್ಪ ತೇವ ಇರುವಾಗ ಮಡಚಿ ಕಪಾಟಿಗೆ ಇಟ್ಟರೆ ಆ ವಾಸನೆ ಖಂಡಿತ.

ವ್ಯಾಕ್ಸಿಂಗ್ ಪಟ್ಟಿಯೂ ಹಾಗೆಯೇ. ಗಾಳಿಯಲ್ಲೇ ತೇವ, ಗಿರಾಕಿಯ ಕೈಯೂ ಬೆವರು. ಒರೆಸಿ, ಪೌಡರ್ ಹಾಕಿ, ಚರ್ಮ ಒಣಗಿದ ಮೇಲೆ ವ್ಯಾಕ್ಸ್ ಹಚ್ಚಿ. ಇಲ್ಲದಿದ್ದರೆ ಅಲ್ಲಲ್ಲಿ ಕೂದಲು ಉಳಿಯುತ್ತದೆ, ಒಂದೇ ಜಾಗದಲ್ಲಿ ಎರಡೆರಡು ಸಲ ಎಳೆದು ಚರ್ಮ ಕೆಂಪಾಗುತ್ತದೆ. ಆ ಗಿರಾಕಿಯೂ ಹೇಳದೆ ಹೋಗುತ್ತಾಳೆ.

ಮುಳ್ಳೇರಿಯ

ನನ್ನದೊಂದು ಪ್ರಶ್ನೆ. ನಾನು ಯಾವಾಗಲೂ ಮದರಂಗಿ ಹಾಕಿಸುವವಳು. ಮಳೆಯಲ್ಲಿ ಹಾಕಿದರೆ ಶೀತ ಆಗಿ ತಲೆ ಭಾರ. ಬಿಳಿ ಕೂದಲು ಮಾತ್ರ ಕಾಯುವುದಿಲ್ಲ. ಎಂತ ಮಾಡುವುದು?

ಕುಂಬಳೆ ಅಕ್ಕ

ನೋಡಿ ಬಾಚಣಿಗೆ, ನಿಮ್ಮ ಮಳೆಗಾಲದ ಗಿರಾಕಿ ಇವರೇ!

ಮುಳ್ಳೇರಿಯದವರೇ, ಮದರಂಗಿ ತಲೆಯಲ್ಲಿ ಎರಡು ಮೂರು ಗಂಟೆ ಒದ್ದೆ ಇರುತ್ತದೆ, ಅದಕ್ಕೇ ತಲೆ ಭಾರ. ಬುಡಕ್ಕೆ ಮಾತ್ರ ಕಲರ್ ಮಾಡಿಸಿದರೆ ಮುಕ್ಕಾಲು ಗಂಟೆಯೊಳಗೆ ತೊಳೆದು, ಡ್ರೈಯರಿನಲ್ಲಿ ಒಣಗಿಸಿ ಕಳಿಸುತ್ತಾರೆ. ಆದರೆ ಮೊದಲ ಸಲ ಆದರೆ ಎರಡು ದಿನ ಮುಂಚೆ ಹೋಗಿ ಕಿವಿಯ ಹಿಂದೆ ಸ್ವಲ್ಪ ಹಚ್ಚಿಸಿ ನೋಡಿ. ತುರಿಕೆ, ಕೆಂಪು ಬಂದರೆ ಆ ಕಲರ್ ಬೇಡವೇ ಬೇಡ. ಅಮೋನಿಯಾ ಇಲ್ಲ ಅಂತ ಡಬ್ಬಿಯಲ್ಲಿ ಬರೆದಿದ್ದರೂ ಈ ಪರೀಕ್ಷೆ ತಪ್ಪಿಸಬಾರದು. ಅಲರ್ಜಿ ಮಾಡುವುದು ಹೆಚ್ಚಾಗಿ ಅಮೋನಿಯಾ ಅಲ್ಲ, ಬಣ್ಣ ಕೊಡುವ ವಸ್ತು.

ಬಾಚಣಿಗೆಗೆ ನಾನು ಹೇಳುವುದು ಇದು. ಫೇಶಿಯಲನ್ನು ಜನ ಮುಂದೂಡುತ್ತಾರೆ. ಬಿಳಿ ಬುಡವನ್ನು ಮುಂದೂಡಲು ಆಗುವುದಿಲ್ಲ, ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆದೇ ಬೆಳೆಯುತ್ತದೆ. ನಾಲ್ಕೈದು ವಾರಕ್ಕೆ ಬೈತಲೆಯಲ್ಲಿ, ಕಿವಿಯ ಮೇಲೆ ಕಂಡೇ ಕಾಣುತ್ತದೆ. ನಿಮ್ಮ ಪುಸ್ತಕದಲ್ಲಿ ಯಾರು ಯಾವ ದಿನ ಎಂತ ಮಾಡಿಸಿದ್ದು ಅಂತ ಬರೆದಿದ್ದೀರಾ?

ಬಾಚಣಿಗೆ, ಬದಿಯಡ್ಕ

ಹೆಸರು, ಕೆಲಸ, ದುಡ್ಡು ಬರೆಯುತ್ತೇನೆ. ಫೋನ್ ನಂಬರ್ ಹೆಚ್ಚಿನವರದ್ದು ಉಂಟು. ವಾಟ್ಸಪ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಮೆಸೇಜ್ ಹಾಕುತ್ತೇನೆ. ಯಾರೂ ಉತ್ತರ ಕೊಡುವುದಿಲ್ಲ.

ಕುಂಬಳೆ ಅಕ್ಕ

ಒಟ್ಟಿಗೆ ಹಾಕಿದ್ದು ಜಾಹೀರಾತು, ಅದನ್ನು ಯಾರೂ ಓದುವುದಿಲ್ಲ. ಮಾರ್ಚ್‌ನಿಂದ ಮೇವರೆಗಿನ ಪುಸ್ತಕ ತೆಗೆದು ಕೂತುಕೊಳ್ಳಿ, ಹೇಗೂ ಬೆಳಗ್ಗೆ ಖಾಲಿ. ಮೊದಲು ಕಲರ್ ಮಾಡಿಸಿದವರ ಪಟ್ಟಿ ಮಾಡಿ. ಐದು ವಾರ ದಾಟಿದವರ ಹೆಸರಿಗೆ ಗುರುತು ಹಾಕಿ. ಆಮೇಲೆ ವ್ಯಾಕ್ಸಿಂಗ್‌ನವರು, ಅವರದ್ದು ಮೂರು ನಾಲ್ಕು ವಾರ. ಐಬ್ರೋದವರಿಗೆ ಮೆಸೇಜ್ ಬೇಡ, ಅವರು ತಾವಾಗಿಯೇ ಬರುತ್ತಾರೆ. ಹದಿನೈದು ದಿನಕ್ಕೆ ಬರುವವರು ಮಳೆಯಲ್ಲಿ ತಿಂಗಳಿಗೆ ಬರುತ್ತಾರೆ, ಅಷ್ಟೇ.

ದಿನಕ್ಕೆ ನಾಲ್ಕೈದು ಜನಕ್ಕೆ, ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸಿ. ನನ್ನದು ಹೀಗಿರುತ್ತದೆ: "ಟೀಚರೇ, ಮೇ 20ಕ್ಕೆ ನಿಮಗೆ ಡಾರ್ಕ್ ಬ್ರೌನ್ ಹಾಕಿದ್ದು. ಈಗ ಕಿವಿ ಹತ್ತಿರ ಬಿಳಿ ಬಂದಿರಬಹುದು. ಬುಧವಾರ ಹನ್ನೊಂದಕ್ಕೆ ಕುರ್ಚಿ ಖಾಲಿ ಉಂಟು, ನಿಮಗೆ ಇಡ್ಲಾ?" ಅಷ್ಟೇ. ಶೇಡ್ ಹೆಸರು ಬರೆದರೆ ಅವರಿಗೆ ನೆನಪಿಟ್ಟಿದ್ದಾರೆ ಅಂತ ಖುಷಿ. ದಿನ, ಹೊತ್ತು ಹೇಳಿದರೆ ಹೌದು ಅಥವಾ ಬೇಡ ಅನ್ನಲು ಸುಲಭ. "ಪುರುಸೊತ್ತಾದಾಗ ಬನ್ನಿ" ಅಂದರೆ ಯಾರಿಗೂ ಪುರುಸೊತ್ತಾಗುವುದಿಲ್ಲ. ಒಬ್ಬರಿಗೆ ಒಂದೇ ಸಲ ಕಳಿಸುವುದು. ಉತ್ತರ ಬಾರದಿದ್ದರೆ ಬಿಟ್ಟುಬಿಡಿ, ಬೆನ್ನು ಹತ್ತಬೇಡಿ.

ನಮ್ಮ ಕಡೆ ಇನ್ನೊಂದುಂಟು. ಗಿರಾಕಿ ಮನೆಯಲ್ಲಿ ತುಳು ಮಾತಾಡುವವರಾದರೆ ತುಳುವಿನಲ್ಲಿ, ಮಲಯಾಳದವರಾದರೆ ಮಲಯಾಳದಲ್ಲಿ ಒಂದು ವಾಯ್ಸ್ ಕಳಿಸಿ. ಟೈಪ್ ಮಾಡಿದ ಇಂಗ್ಲಿಷ್ ಮೆಸೇಜಿಗಿಂತ ಅದಕ್ಕೆ ಬೇಗ ಉತ್ತರ ಬರುತ್ತದೆ.

ಸೀತಾಂಗೋಳಿ ಟೀಚರ್

ಇಂಥ ಮೆಸೇಜ್ ಬಂದರೆ ನಾನು ಹೋಗುತ್ತೇನೆ. ಆದರೆ ಬುಧವಾರ ಹನ್ನೊಂದಕ್ಕೆ ನಾನು ಕ್ಲಾಸಲ್ಲಿ ಇರುತ್ತೇನೆ ಅಕ್ಕ 🙂

ಕುಂಬಳೆ ಅಕ್ಕ

ಹ್ಹಹ್ಹ, ಹೌದು. ಕೆಲಸಕ್ಕೆ ಹೋಗುವವರಿಗೆ ನಾಲ್ಕೂವರೆ ಮೇಲಿನ ಹೊತ್ತು ಹೇಳಬೇಕು. ಕಲೆಕ್ಟರ್ ಮಳೆ ರಜೆ ಕೊಟ್ಟ ದಿನ ನೀವು ಮನೆಯಲ್ಲಿರುತ್ತೀರಿ, ಆದರೆ ರೆಡ್ ಅಲರ್ಟ್ ದಿನ ಯಾರನ್ನೂ ಕರೆಯಬಾರದು. ಹೊಳೆ, ತೋಡು ತುಂಬಿರುತ್ತದೆ.

ಉಪ್ಪಳದ ಮೆಹಂದಿ

ಆಟಿಯಲ್ಲಿ ಜನವೇ ಇಲ್ಲ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಗಲ್ಫಿನ ಶಾಲೆಗಳಿಗೆ ರಜೆ ಇರುವುದೇ ಜುಲೈ, ಆಗಸ್ಟ್‌ನಲ್ಲಿ. ನಮ್ಮ ಉಪ್ಪಳ, ಮಂಜೇಶ್ವರ ಕಡೆ ಎಷ್ಟೋ ಮನೆಗೆ ಆಗಲೇ ಹೆಂಗಸರು, ಮಕ್ಕಳು ಬರುತ್ತಾರೆ. ಅವರಿಗೆ ಆಟಿ, ಸೋಣ ಲೆಕ್ಕ ಇಲ್ಲ. ಎಷ್ಟೋ ನಿಶ್ಚಿತಾರ್ಥ, ಮದುವೆ ಆ ರಜೆಯಲ್ಲೇ ಇಡುತ್ತಾರೆ. ಅವರು ಆಫರ್ ಕೇಳುವುದೂ ಇಲ್ಲ. ಒಳಗೆ ಗಂಡಸರು ಬಾರದ ಜಾಗ ಬೇಕು, ಪರದೆ ಸರಿ ಇರಬೇಕು, ಹೇಳಿದ ಹೊತ್ತಿಗೆ ಆಗಬೇಕು. ನಾನು ಮನೆಗೇ ಹೋಗಿ ಮಾಡಿಕೊಡುತ್ತೇನೆ. ಒಂದೇ ಮನೆಯಲ್ಲಿ ಅತ್ತೆ, ನಾದಿನಿ, ಮಕ್ಕಳು ಅಂತ ನಾಲ್ಕೈದು ಜನ ಸಿಗುತ್ತಾರೆ.

ಕುಂಬಳೆ ಅಕ್ಕ

ಇದು ಸರಿಯಾದ ಮಾತು. ನಾನು ಕಾರ್ಯಕ್ರಮ ಇಲ್ಲ ಅಂದದ್ದು ನಮ್ಮ ಕಡೆಯದ್ದು ಮಾತ್ರ. ಮನೆಗೆ ಹೋಗುವುದು ನನಗೆ ಅಷ್ಟು ಇಷ್ಟ ಇಲ್ಲ. ಹುಡುಗಿಯನ್ನು ಮಳೆಯಲ್ಲಿ ಗೊತ್ತಿಲ್ಲದ ಮನೆಗೆ ಕಳಿಸಲು ಧೈರ್ಯ ಬರುವುದಿಲ್ಲ. ಆಟೋ ಬಾಡಿಗೆ ಬೇರೆ. ಪಾರ್ಲರಿಗೆ ಬೀಗ ಹಾಕಿ ಹೋದರೆ ಆ ಹೊತ್ತಿಗೆ ಬಂದವರು ಎದುರಿನ ಪಾರ್ಲರಿಗೆ.

ಉಪ್ಪಳದ ಮೆಹಂದಿ

ಗೊತ್ತಿದ್ದವರ ಮನೆ ಮಾತ್ರ, ಇಬ್ಬರೇ ಹೋಗುವುದು, ಮೂರು ಜನಕ್ಕಿಂತ ಕಡಿಮೆ ಇದ್ದರೆ ಇಲ್ಲ. ಆಟೋ ಅವರದ್ದೇ. ನನಗೆ ಜುಲೈ ನಡೆಯುವುದೇ ಇದರಲ್ಲಿ.

ಬಾಚಣಿಗೆ, ಬದಿಯಡ್ಕ

ನಮ್ಮ ಕಡೆ ಗಲ್ಫ್ ಮನೆ ಅಷ್ಟು ಇಲ್ಲ, ತೋಟದವರೇ ಜಾಸ್ತಿ. ಇಲ್ಲಿಯವರಿಗೆ ಮಳೆಗಾಲದಲ್ಲಿ ಕಾಲಿನದ್ದೇ ತೊಂದರೆ. ಕೆಸರು, ಒದ್ದೆ ಚಪ್ಪಲಿ. ಪೆಡಿಕ್ಯೂರ್ ಜೋರು ಮಾಡಿದರೆ ಹೇಗೆ?

ಕುಂಬಳೆ ಅಕ್ಕ

ಮಾಡಬಹುದು, ಆದರೆ ಮೊದಲು ಕಾಲು ನೋಡಿ. ಬೆರಳಿನ ಸಂದಿ ಬಿಳಿ ಬಿಳಿಯಾಗಿ ಸುಲಿದು ತುರಿಸುತ್ತಿದ್ದರೆ, ಉಗುರು ದಪ್ಪ ಆಗಿ ಹಳದಿಯಾಗಿದ್ದರೆ ಅದು ಫಂಗಸ್ ಇರಬಹುದು. ಟಬ್ಬಿನಲ್ಲಿ ಕಾಲು ಇಡಿಸಬೇಡಿ, ಡಾಕ್ಟರಿಗೆ ತೋರಿಸಿ ಅಂತ ಹೇಳಿ ಕಳಿಸಿ. ಆ ಟಬ್ಬು, ಆ ಫೈಲು ಮುಂದಿನವರ ಕಾಲಿಗೂ ಹೋಗುತ್ತದೆ. ಶುಗರ್ ಇದ್ದವರ ಹಿಮ್ಮಡಿ ಕೆರೆಯಲು ಹೋಗಲೇಬೇಡಿ. ಆರೋಗ್ಯದ ಕಾಲು ಆದರೆ ಸಂತೋಷ, ಕೊನೆಗೆ ಬೆರಳ ಸಂದಿ ಒಂದೊಂದೇ ಒರೆಸಿ ಒಣಗಿಸಿ ಕಳಿಸಿ.

ಜೂನ್‌ನಲ್ಲಿ ಕೈ ಬಿಗಿ ಇದ್ದವರಿಗೆ 700ರ ಫೇಶಿಯಲನ್ನು 490ಕ್ಕೆ ಕೊಡಬೇಡಿ. ಅರ್ಧ ಗಂಟೆಯ ಕ್ಲೀನಪ್ 350ಕ್ಕೆ ಇಡಿ, ಸಾಮಾನಿಗೆ 60 ರೂಪಾಯಿ. ಕೆಲಸ ಸಣ್ಣದು, ಅದಕ್ಕೆ ದುಡ್ಡೂ ಸಣ್ಣದು. ಫೇಶಿಯಲಿನ ರೇಟ್ ಅಲ್ಲೇ ಇರುತ್ತದೆ, ಓಣಂಗೆ ಅವರೇ ಅದಕ್ಕೆ ಬರುತ್ತಾರೆ.

ಬಾಚಣಿಗೆ, ಬದಿಯಡ್ಕ

ಮತ್ತೆ ಎದುರಿನ 40% ಬಗ್ಗೆ ಕೇಳಿದರೆ ಎಂತ ಹೇಳುವುದು?

ಕುಂಬಳೆ ಅಕ್ಕ

ಅವರ ಬಗ್ಗೆ ಏನೂ ಹೇಳಬೇಡಿ. "ನಮ್ಮಲ್ಲಿ ವರ್ಷಪೂರ್ತಿ ಒಂದೇ ರೇಟು, ಈಗ ಬೆಳಗ್ಗೆ ಬಂದರೆ ಮಸಾಜ್ ಉಂಟು" ಅಷ್ಟೇ. ಕೆಲವರು ಹೋಗುತ್ತಾರೆ. ರೇಟಿಗೆ ಹೋದವರು ಇನ್ನೊಬ್ಬರು 50% ಹಾಕಿದರೆ ಅಲ್ಲಿಂದಲೂ ಹೋಗುತ್ತಾರೆ.

ಉಪ್ಪಳದ ಮೆಹಂದಿ

ಹೊಸದಾಗಿ ಶುರು ಮಾಡಿದವರು ಎಂತ ಮಾಡಬೇಕು ಅಕ್ಕ? ಅವರಿಗೆ ಪುಸ್ತಕವೂ ಇಲ್ಲ, ಹಳೇ ಗಿರಾಕಿಯೂ ಇಲ್ಲ. ಎದುರಿನವರಿಗೆ ಬೋರ್ಡ್ ಬಿಟ್ಟರೆ ಬೇರೆ ದಾರಿ ಇರಲಿಕ್ಕಿಲ್ಲ.

ಕುಂಬಳೆ ಅಕ್ಕ

ಮೊದಲ ಸಲ ಬಂದವರಿಗೆ ಒಂದೇ ಕೆಲಸಕ್ಕೆ ಕಡಿಮೆ ಮಾಡಲಿ, ಎಲ್ಲದಕ್ಕೂ ಎಲ್ಲರಿಗೂ ಯಾಕೆ? ಆದರೂ ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಬಾಚಣಿಗೆ, ಬದಿಯಡ್ಕ

ಅಕ್ಕ, ಒಂದು ಕೊನೆಯ ಡೌಟು. ಆ ಮಸಾಜ್ ಮಾಡುವುದು ನನ್ನ ಹುಡುಗಿ. ಗಿರಾಕಿಗೆ ಫ್ರೀ, ಆದರೆ ಅವಳಿಗೆ ಕೆಲಸ ಜಾಸ್ತಿ ಆಯಿತಲ್ಲ. ಮುಖ ಸಿಂಡರಿಸಿಕೊಂಡು ಮಾಡಿದರೆ ಗಿರಾಕಿಗೆ ಗೊತ್ತಾಗುತ್ತದೆ.

ಕುಂಬಳೆ ಅಕ್ಕ

ಒಂದು ಮಸಾಜಿಗೆ 20 ರೂಪಾಯಿ ಅವಳ ಕೈಗೆ ಕೊಡಿ, ಸಂಬಳದಲ್ಲಿ ಸೇರಿಸಬೇಡಿ, ಅವತ್ತಿನದ್ದು ಅವತ್ತೇ ಕೊಡಿ. ಆಗ ನಿಮಗೆ 515 ಉಳಿಯುತ್ತದೆ. ಹನ್ನೊಂದು ಜನಕ್ಕೆ 5665. ಆಗಲೂ ಹನ್ನೆರಡನೆಯವರು ಬೇಕಾಗಿಲ್ಲ.